ಒಂದೇ ಆಪ್, ಮೂರು ಸಹಿ

ತುಮಕೂರಿನಲ್ಲಿ ಒಂದು ಶನಿವಾರ ಮಧ್ಯಾಹ್ನ ಆಡಿದ ಮಾತು ಇದು. ಎದುರಿಗೆ ಕೂತಿದ್ದವರು ಕಾಲೇಜು ಹುಡುಗ ಹುಡುಗಿಯರು, ಬಿ.ಎಚ್. ರಸ್ತೆ ಕಡೆಯ ಒಂದಿಬ್ಬರು ಮೊಬೈಲ್ ಅಂಗಡಿಯವರು, ಮತ್ತೆ ನನ್ನ ಹಾಗೆ ಮನೆಯಲ್ಲೇ ಕೂತು ಆಪ್ ಮಾಡುವ ಕೆಲವರು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪರದೆ ಮೇಲೆ ತೋರಿಸಿದ್ದನ್ನು ಹಾಗೇ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ.

ತಿಪಟೂರಿನಿಂದ ಬಂದ ಒಂದು ಫೋನ್ ಕಾಲ್‌ನಿಂದ ಶುರು ಮಾಡುತ್ತೇನೆ. ಫೋನ್ ಮಾಡಿದವರು ಕೊಬ್ಬರಿ ಮಂಡಿಯವರು. ಅವರಿಗೆ ಅಂತಲೇ ಒಂದು ಲೆಕ್ಕದ ಆಪ್ ಮಾಡಿದ್ದೆ. ಯಾವ ರೈತರು ಎಷ್ಟು ಚೀಲ ತಂದರು, ತೂಕ ಎಷ್ಟು ಬಂತು, ದರ ಎಷ್ಟು, ಕೊಟ್ಟಿದ್ದೆಷ್ಟು, ಬಾಕಿ ಎಷ್ಟು. ಅಷ್ಟೇ. ಫೋನ್ ಕಳೆದರೂ ಲೆಕ್ಕ ಕಳೆಯಬಾರದು ಅಂತ ಗೂಗಲ್ ಅಕೌಂಟಿನಿಂದ ಸೈನ್ ಇನ್ ಆಗುವ ವ್ಯವಸ್ಥೆ ಇಟ್ಟಿದ್ದೆ. ಮೊದಲ ಎರಡು ತಿಂಗಳು ಪುಕ್ಕಟೆ, ಆಮೇಲೆ ವರ್ಷಕ್ಕೆ 499 ರೂಪಾಯಿ ಚಂದಾ.

ಆಪ್ ಇನ್ನೂ ಪ್ಲೇ ಸ್ಟೋರ್‌ಗೆ ಹೋಗಿರಲಿಲ್ಲ. ಅವರಿಗೆ ಅವಸರ ಇತ್ತು. ಆಪ್ ಹಾಕಿಕೊಳ್ಳುವ ಎಪಿಕೆ ಫೈಲನ್ನು ವಾಟ್ಸ್ಆಪ್‌ನಲ್ಲಿ ಕಳಿಸಿಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಕಾಲ್ ಬಂತು.

“ಏನ್ ಸ್ವಾಮಿ, ನಿಮ್ ಆಪು ಒಳಗೇ ಬಿಡ್ತಿಲ್ವಲ್ಲ.”

“ಏನ್ ಬರ್ತಿದೆ ಸಾಹುಕಾರ್ರೇ ಪರದೆ ಮೇಲೆ?”

“ಗೂಗಲ್ ಬಟನ್ ಒತ್ತಿದ್ರೆ ನನ್ನ ಇಮೇಲು, ಮಗನ ಇಮೇಲು ಎರಡೂ ತೋರಿಸ್ತದೆ. ನಂದು ಆರಿಸ್ತೀನಿ. ಒಂದು ಚಕ್ರ ಸುತ್ತುತ್ತೆ. ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೆ.”

ಈ ವಿವರಣೆಯನ್ನು ನೆನಪಿಡಿ, ಅಕೌಂಟ್ ಪಟ್ಟಿ ಕಾಣುತ್ತೆ, ಆರಿಸಿದ ಮೇಲೆ ಒದ್ದು ಹೊರಗೆ ಹಾಕುತ್ತೆ. ಪಾಸ್‌ವರ್ಡ್ ತಪ್ಪಿದ್ದರೆ ಹೀಗಾಗಲ್ಲ. ನಾನು ಬೇರೆ ಎಂಥ ದೋಷ ಬಂದರೂ “ಮತ್ತೆ ಪ್ರಯತ್ನಿಸಿ” ಅಂತ ತೋರಿಸಿ ಸುಮ್ಮನಾಗುವ ಹಾಗೆ ಬರೆದಿದ್ದೆ. ಅದು ನನ್ನ ಸೋಮಾರಿತನ. ಅದೇ ಫೈಲನ್ನು ನನ್ನ ಫೋನಿಗೆ ಹಾಕಿ ಲಾಗ್ ನೋಡಿದಾಗ ನಿಜವಾದ ಮಾತು ಸಿಕ್ಕಿತು.

```
ApiException: 10
```

ಈ ಹತ್ತು ನಂಬರಿಗೆ ಒಂದು ಹೆಸರಿದೆ, `DEVELOPER_ERROR` ಅಂತ. ಅಂದರೆ ಬಳಸುವವರ ತಪ್ಪಲ್ಲ, ಮಾಡಿದವನದು. ಸಾಹುಕಾರ್ರು ಫೋನಿನಲ್ಲಿ ಹೇಳಿದ್ದೂ ಸರಿಸುಮಾರು ಅದನ್ನೇ.

ಆದರೆ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಓಡಿಸಿದಾಗ ಇದೇ ಆಪ್ ತಿಂಗಳುಗಟ್ಟಲೆ ಸರಿಯಾಗಿ ಸೈನ್ ಇನ್ ಆಗ್ತಿತ್ತು. ಒಂದು ಅಕ್ಷರ ಬದಲಾಗಿಲ್ಲ. ಹಾಗಾದರೆ ಬದಲಾಗಿದ್ದು ಏನು? ಸಹಿ.

ಆಂಡ್ರಾಯ್ಡ್‌ನಲ್ಲಿ ಸಹಿ ಇಲ್ಲದ ಆಪ್ ಅನ್ನೋದೇ ಇಲ್ಲ. ಸಹಿ ಇಲ್ಲದ ಫೈಲನ್ನು ಫೋನ್ ಹಾಕಿಕೊಳ್ಳುವುದೇ ಇಲ್ಲ. ಆದರೆ ಈ ಸಹಿಗೆ ಯಾವ ಸರ್ಕಾರವೂ, ಯಾವ ಸಂಸ್ಥೆಯೂ ಸಾಕ್ಷಿ ಹಾಕಿರುವುದಿಲ್ಲ. ನೀವೇ ಒಂದು ಕೀ ಮಾಡಿಕೊಳ್ಳುತ್ತೀರಿ, ನೀವೇ ಒತ್ತುತ್ತೀರಿ. ಮಂಡಿಯಲ್ಲಿ ಚೀಲದ ಮೇಲೆ ಬಣ್ಣದಲ್ಲಿ ಗುರುತು ಬರೀತಾರಲ್ಲ, ಹಾಗೆ. ಗುರುತು ನೋಡಿದರೆ ಒಳಗಿನ ಕೊಬ್ಬರಿ ಒಳ್ಳೆಯದಾ ಕೆಟ್ಟದಾ ಅಂತ ಗೊತ್ತಾಗಲ್ಲ. ಮೊನ್ನೆ ಬಂದ ಚೀಲ, ಇವತ್ತು ಬಂದ ಚೀಲ ಎರಡೂ ಒಬ್ಬರದೇ ಅಂತ ಮಾತ್ರ ಗೊತ್ತಾಗುತ್ತೆ. ಬಣ್ಣದ ಗುರುತನ್ನು ಯಾರು ಬೇಕಾದರೂ ನಕಲು ಮಾಡಬಹುದು. ಇದನ್ನು ಆಗಲ್ಲ, ಅಷ್ಟೇ ವ್ಯತ್ಯಾಸ. ಕೀಯ ಗುಟ್ಟಿನ ಅರ್ಧ ಯಾರ ಹತ್ತಿರ ಇದೆಯೋ ಅವರಿಗೆ ಮಾತ್ರ ಆ ಸಹಿ ಒತ್ತಲು ಬರುತ್ತೆ. ಬಹಿರಂಗದ ಅರ್ಧ ಆಪ್ ಜೊತೆಗೇ ಹೋಗುತ್ತೆ, ಪ್ರಮಾಣಪತ್ರದ ರೂಪದಲ್ಲಿ.

ಆ ಪ್ರಮಾಣಪತ್ರದ ಚಿಕ್ಕ ಗುರುತೇ ಫಿಂಗರ್‌ಪ್ರಿಂಟ್. ಎಸ್‌ಎಚ್‌ಎ-1 ಅನ್ನುವ ಲೆಕ್ಕದಲ್ಲಿ ತೆಗೆದರೆ 40 ಅಕ್ಷರ ಬರುತ್ತೆ. ಎಸ್‌ಎಚ್‌ಎ-256 ಲೆಕ್ಕದಲ್ಲಿ 64. ಇವತ್ತಿನ ಇಡೀ ಕಥೆ ಈ 40 ಅಕ್ಷರದ ಸುತ್ತಲೇ ಇದೆ.

ಈಗ ಸೈನ್ ಇನ್ ಬಟನ್ ಒತ್ತಿದಾಗ ಏನಾಗುತ್ತೆ ನೋಡಿ. ನಮ್ಮ ಆಪ್ ನೇರವಾಗಿ ಗೂಗಲ್ ಜೊತೆ ಮಾತಾಡುವುದಿಲ್ಲ. ಫೋನಿನಲ್ಲೇ ಇರುವ ಪ್ಲೇ ಸರ್ವಿಸಸ್ ಅನ್ನು ಕೇಳುತ್ತೆ. “ನೀನು ಯಾರಪ್ಪಾ?” ಅಂತ ಪ್ಲೇ ಸರ್ವಿಸಸ್ ನಮ್ಮ ಆಪನ್ನು ಕೇಳುವುದಿಲ್ಲ. ಕೇಳಿದರೆ ಯಾರು ಬೇಕಾದರೂ ಸುಳ್ಳು ಹೇಳಬಹುದಲ್ವಾ. ಅದು ಆಂಡ್ರಾಯ್ಡನ್ನೇ ಕೇಳುತ್ತೆ: ಈಗ ನನ್ನ ಬಾಗಿಲು ತಟ್ಟಿದವರ ಪ್ಯಾಕೇಜ್ ಹೆಸರೇನು, ಅಂದರೆ ಆಪ್‌ನ ಗುರುತಿನ ಹೆಸರೇನು, ಅವರ ಸಹಿಯ ಫಿಂಗರ್‌ಪ್ರಿಂಟ್ ಯಾವುದು? ಆ ಎರಡನ್ನೂ ಜೋಡಿಯಾಗಿ ಗೂಗಲ್ ಸರ್ವರ್‌ಗೆ ಕಳಿಸುತ್ತೆ. ಈ ಜೋಡಿಯನ್ನು ಗೂಗಲ್‌ನಲ್ಲಿರುವ ನನ್ನ ಪ್ರಾಜೆಕ್ಟಿನಲ್ಲಿ ಮೊದಲೇ ಬರೆಸಿದ್ದರೆ ಸರಿ. ಇಲ್ಲದಿದ್ದರೆ ಹತ್ತು.

ನಾನು ಬರೆಸಿದ್ದು ಯಾವ ಫಿಂಗರ್‌ಪ್ರಿಂಟ್? ಡೀಬಗ್ ಕೀಯದು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ರನ್ ಒತ್ತಿದರೆ ಅದು ತಾನೇ ಒಂದು ಕೀ ಮಾಡಿಕೊಂಡು ಅದರಿಂದ ಸಹಿ ಒತ್ತುತ್ತೆ. ಆ ಕೀ ನಿಮ್ಮ ಲ್ಯಾಪ್‌ಟಾಪಿನಲ್ಲಿ `~/.android/debug.keystore` ಅನ್ನುವ ಜಾಗದಲ್ಲಿರುತ್ತೆ. ಅದರ ಪಾಸ್‌ವರ್ಡ್ ಎಲ್ಲರದೂ ಒಂದೇ, `android`. ಕೀ ಮಾತ್ರ ಒಂದೊಂದು ಲ್ಯಾಪ್‌ಟಾಪಿಗೂ ಬೇರೆ. ಒಂದೇ ಪ್ರಾಜೆಕ್ಟ್ ಮಾಡುವ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಸೈನ್ ಇನ್ ಆಗಿ ಇನ್ನೊಬ್ಬನಿಗೆ ಆಗದೆ ಇರುವುದಕ್ಕೆ ಕಾರಣ ಇದೇ. ಇಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ತಲೆ ಆಡಿಸ್ತಿದ್ದಾರೆ.

ಸಾಹುಕಾರ್ರಿಗೆ ಕಳಿಸಿದ್ದು ರಿಲೀಸ್ ಫೈಲ್. ಅದಕ್ಕೆ ನಾನೇ ಬೇರೆ ಕೀ ಮಾಡಿ ಸಹಿ ಒತ್ತಿದ್ದೆ. ಆ ಎರಡನೇ ಸಹಿಯನ್ನು ಎಲ್ಲೂ ಬರೆಸಿರಲಿಲ್ಲ.

ಫೈಲಿಗೆ ಯಾವ ಸಹಿ ಇದೆ ಅಂತ ಊಹೆ ಮಾಡಬೇಡಿ, ಫೈಲನ್ನೇ ಕೇಳಿ. ಆಂಡ್ರಾಯ್ಡ್ ಎಸ್‌ಡಿಕೆ ಜೊತೆ ಬರುವ ಒಂದು ಸಾಧನ ಇದೆ.

```
apksigner verify --print-certs kobbari.apk
```

ಎಸ್‌ಎಚ್‌ಎ-256, ಎಸ್‌ಎಚ್‌ಎ-1 ಎರಡನ್ನೂ ತೋರಿಸುತ್ತೆ. ಡೀಬಗ್ ಕೀಯದು ಬೇಕಾದರೆ ಹೀಗೆ:

```
keytool -list -v -keystore ~/.android/debug.keystore \
  -alias androiddebugkey -storepass android
```

ಇಲ್ಲಿ ನಾನು ಅರ್ಧ ಗಂಟೆ ಹಾಳು ಮಾಡಿಕೊಂಡ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಕೀಟೂಲ್ ಫಿಂಗರ್‌ಪ್ರಿಂಟನ್ನು ದೊಡ್ಡಕ್ಷರದಲ್ಲಿ, ಎರಡೆರಡು ಅಕ್ಷರಕ್ಕೆ ಒಂದು ಕೋಲನ್ ಹಾಕಿ ತೋರಿಸುತ್ತೆ. ಎಪಿಕೆಸೈನರ್ ಸಣ್ಣಕ್ಷರದಲ್ಲಿ, ಕೋಲನ್ ಇಲ್ಲದೆ ಒಂದೇ ಸಾಲಾಗಿ ತೋರಿಸುತ್ತೆ. ಒಂದೇ ಫಿಂಗರ್‌ಪ್ರಿಂಟ್ ಎರಡು ವೇಷದಲ್ಲಿ ಬಂದಾಗ ಕಣ್ಣಿಗೆ ಬೇರೆ ಬೇರೆ ಅನಿಸುತ್ತೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೋಲಿಸಿ ನೋಡಿದರೆ ಸಾಕು.

ನನ್ನ ಪ್ರಾಜೆಕ್ಟ್ ಇರುವುದು ಗೂಗಲ್‌ನ ಫೈರ್‌ಬೇಸ್ ಅನ್ನುವ ಸೇವೆಯಲ್ಲಿ. ಎರಡನೇ ಸಹಿಯ ಎಸ್‌ಎಚ್‌ಎ-1 ಅನ್ನು ಅದರ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಸಾಹುಕಾರ್ರಿಗೆ ಫೋನ್ ಮಾಡಿ “ಈಗ ಒತ್ತಿ ನೋಡಿ” ಅಂದೆ. ಒಳಗೆ ಹೋದರು. ಹೊಸ ಫೈಲ್ ಕಳಿಸಲೇ ಇಲ್ಲ. ಅವರ ಫೋನಿನಲ್ಲಿ ಏನೂ ಬದಲಾಗಿಲ್ಲ. ಯಾಕೆಂದರೆ ತಪಾಸಣೆ ನಡೆಯುವುದು ಫೋನಿನಲ್ಲಿ ಅಲ್ಲ, ಆ ಕಡೆ ಸರ್ವರ್‌ನಲ್ಲಿ. “ಏನ್ ಮಾಡಿದ್ರಿ?” ಅಂದರು. “ನಿಮ್ಮ ಹೆಸರು ಬರೆಸಿದೆ” ಅಂದೆ. ಪೂರ್ತಿ ಸುಳ್ಳೇನಲ್ಲ.

ಇಲ್ಲಿಯವರೆಗೆ ಕೇಳಿದರೆ, ಹೊರಗಿನಿಂದ ಹಾಕಿದ್ದಕ್ಕೇ ತೊಂದರೆ ಆಯಿತು ಅನಿಸಬಹುದು. ಹಾಗಲ್ಲ ಅಂತ ಗೊತ್ತಾಗಿದ್ದು ಮುಂದಿನ ತಿಂಗಳು.

ಆಪ್ ಪ್ಲೇ ಸ್ಟೋರ್‌ಗೆ ಹೋಯಿತು. ಮಂಡಿಯ ಪಕ್ಕದವರು, ಅವರ ಪಕ್ಕದವರು ಸ್ಟೋರ್‌ನಿಂದಲೇ ಹಾಕಿಕೊಂಡರು. ಅವರಿಗೆ ಸೈನ್ ಇನ್ ಆಗಲಿಲ್ಲ! ಮತ್ತೆ ಅದೇ ಹತ್ತು. ವಾಟ್ಸ್ಆಪ್‌ನಲ್ಲಿ ಬಂದ ಫೈಲ್ ಚೆನ್ನಾಗಿ ನಡೀತಿದೆ, ಅಧಿಕೃತ ಸ್ಟೋರ್‌ನಿಂದ ಬಂದದ್ದು ನಡೀತಿಲ್ಲ. ಸಾಹುಕಾರ್ರು ಆಚೀಚೆ ಅಂಗಡಿಯವರಿಗೆ “ಸ್ಟೋರ್‌ದು ಹಾಕಬೇಡಿ, ನನ್ನತ್ರ ಒರಿಜಿನಲ್ ಇದೆ” ಅಂತ ಹೇಳಿ ಫೈಲ್ ಹಂಚೋಕೆ ಶುರು ಮಾಡಿದ್ದರು.

ಮೂರನೇ ಸಹಿ ಕಥೆಗೆ ಬರುವುದು ಇಲ್ಲಿ. ಮೊದಲೆಲ್ಲ ನಾವು ಒತ್ತಿದ ಸಹಿಯೇ ಬಳಸುವವರ ಫೋನಿನವರೆಗೆ ಹೋಗುತ್ತಿತ್ತು. 2021ರ ಆಗಸ್ಟ್‌ನಿಂದ ಹೊಸ ಆಪ್‌ಗಳನ್ನು ಪ್ಲೇ ಸ್ಟೋರ್‌ಗೆ ಕೊಡುವಾಗ ಎಪಿಕೆ ಕೊಡುವ ಹಾಗಿಲ್ಲ, ಬಂಡಲ್ ಅನ್ನುವ ಬೇರೆ ರೂಪದಲ್ಲಿ ಕೊಡಬೇಕು. ಆ ಬಂಡಲ್‌ನಿಂದ ಒಂದೊಂದು ಫೋನಿಗೂ ತಕ್ಕ ಎಪಿಕೆಗಳನ್ನು ಗೂಗಲ್ ತಯಾರು ಮಾಡುತ್ತೆ. ತಯಾರು ಮಾಡಿದವರೇ ಸಹಿ ಒತ್ತಬೇಕಲ್ಲ? ಹಾಗಾಗಿ ಅಂತಿಮ ಸಹಿಯ ಕೀ ಗೂಗಲ್ ಹತ್ತಿರವೇ ಇರುತ್ತೆ. ನನ್ನ ಕೀ ಬರೀ ಅಪ್‌ಲೋಡ್ ಕೀ. “ಈ ಬಂಡಲ್ ಕೊಟ್ಟವನು ನಾನೇ” ಅಂತ ಗೂಗಲ್‌ಗೆ ತೋರಿಸುವುದಕ್ಕೆ ಮಾತ್ರ. ಫೈಲ್ ಗೇಟಿನೊಳಗೆ ಹೋದ ಮೇಲೆ ಆ ಸಹಿಯ ಕೆಲಸ ಮುಗಿಯಿತು.

ಅಂದರೆ ಒಂದೇ ಆಪ್‌ಗೆ ಮೂರು ಸಹಿ. ಲ್ಯಾಪ್‌ಟಾಪಿನಿಂದ ಓಡಿಸಿದರೆ ಡೀಬಗ್. ನಾನು ಮಾಡಿ ವಾಟ್ಸ್ಆಪ್‌ನಲ್ಲಿ ಕಳಿಸಿದರೆ ಅಪ್‌ಲೋಡ್ ಕೀ. ಸ್ಟೋರ್‌ನಿಂದ ಇಳಿಸಿದರೆ ಗೂಗಲ್ ಹತ್ತಿರ ಇರುವ ಕೀ. ಮೂರನೆಯದರ ಫಿಂಗರ್‌ಪ್ರಿಂಟ್ ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಹುಡುಕಿದರೂ ಸಿಗಲ್ಲ. ಆಪ್ ಮಾಡುವವರು ಸ್ಟೋರ್‌ಗೆ ಆಪ್ ಕೊಡುವ ಜಾಲತಾಣ ಪ್ಲೇ ಕನ್ಸೋಲ್, ಅದರಲ್ಲಿ ಆಪ್ ಸೈನಿಂಗ್ ಅನ್ನುವ ಪುಟ ಇದೆ. ಅಲ್ಲಿ ಎರಡು ಪ್ರಮಾಣಪತ್ರ ಒಂದರ ಕೆಳಗೆ ಒಂದು ಇರುತ್ತೆ. ಒಂದು ಆಪ್ ಸೈನಿಂಗ್ ಕೀಯದು, ಇನ್ನೊಂದು ಅಪ್‌ಲೋಡ್ ಕೀಯದು. ಅವಸರದಲ್ಲಿ ತಪ್ಪಾದದ್ದನ್ನು ಕಾಪಿ ಮಾಡುವುದು ಬಹಳ ಸುಲಭ. ನಾನೂ ಮಾಡಿದೆ. “ಸೇರಿಸಿದ್ದೀನಲ್ಲಾ, ಆದರೂ ಯಾಕೆ ಆಗ್ತಿಲ್ಲ” ಅಂತ ಒಂದು ಸಂಜೆ ಪೂರ್ತಿ ಕೂತಿದ್ದೆ.

ಮೂರೂ ಬರೆಸಿದ ಮೇಲೆ ಎಲ್ಲರಿಗೂ ಸೈನ್ ಇನ್ ಆಯಿತು. ಫೋನಿನಲ್ಲಿ ನಕಾಶೆ ತೋರಿಸುವ ಆಪ್ ಮಾಡುವವರೂ ಇದೇ ಕಣ್ಣಲ್ಲಿ ನೋಡಿ. ಮ್ಯಾಪ್‌ನ ಎಪಿಐ ಕೀಗೆ ಪ್ಯಾಕೇಜ್ ಹೆಸರು, ಎಸ್‌ಎಚ್‌ಎ-1 ಕಟ್ಟಿ ಇಟ್ಟಿದ್ದರೆ ಅದೂ ಹೀಗೇ ಖಾಲಿ ಚೌಕ ತೋರಿಸಿ ನಿಲ್ಲುತ್ತೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ.

ಎರಡು ತಿಂಗಳು ಮುಗಿಯಿತು. ಸಾಹುಕಾರ್ರು ಧಾರಾಳಿ, ಚಂದಾ ಕಟ್ಟೋಕೆ ತಯಾರು. ಬಟನ್ ಒತ್ತಿದರು. ಒಂದು ಚೌಕ ಬಂತು, ಅದರ ಫೋಟೋ ಕಳಿಸಿದರು.

`This version of the application is not configured for billing through Google Play.`

ಈ ವಾಕ್ಯವನ್ನು ಅವರು ಅರ್ಥ ಮಾಡಿಕೊಂಡ ರೀತಿ ಹೀಗೆ: “ನಿಮ್ಮ ಆಪಿಗೆ ದುಡ್ಡು ತಗೊಳ್ಳೋಕೇ ಬರಲ್ವಂತೆ.” ನಾನು ಅದೇ ಫೈಲನ್ನು ನನ್ನ ಫೋನಿಗೆ ಹಾಕಿ ಅದೇ ಬಟನ್ ಒತ್ತಿದೆ. ಚಂದಾ ಪುಟ ಚೆನ್ನಾಗಿ ತೆರೆಯಿತು. ಒಂದೇ ಫೈಲ್, ಒಂದೇ ಸಹಿ, ಎರಡು ಫೋನು, ಎರಡು ಉತ್ತರ.

ಇದರಲ್ಲಿ ಎರಡು ಗಂಟು ಇದೆ. ಒಂದೊಂದಾಗಿ ಬಿಡಿಸೋಣ.

ಮೊದಲನೆಯದು. ಸೈನ್ ಇನ್‌ಗೆ ನಾನು ಎಷ್ಟು ಫಿಂಗರ್‌ಪ್ರಿಂಟ್ ಬೇಕಾದರೂ ಬರೆಸಬಹುದು, ಯಾಕೆಂದರೆ ಆ ಪಟ್ಟಿ ನನ್ನದು. ಚಂದಾ ವ್ಯವಹಾರ ನಡೆಯುವುದು ಪ್ಲೇ ಸ್ಟೋರ್ ಮೂಲಕ. ದುಡ್ಡು ತೆಗೆದುಕೊಳ್ಳುವುದು ಅದು, ರಸೀದಿ ಕೊಡುವುದು ಅದು, ವಾಪಸ್ ಕೊಡುವುದೂ ಅದರ ಮೂಲಕವೇ. ಹಾಗಾಗಿ ತಾನು ಸಹಿ ಒತ್ತಿ ಕೊಟ್ಟ ಆಪ್ ಇದೇನಾ ಅಂತ ಅದು ನೋಡುತ್ತೆ. ಪ್ಯಾಕೇಜ್ ಹೆಸರು ಒಂದೇ ಇದ್ದು ಸಹಿ ಬೇರೆ ಇದ್ದರೆ, ಅದರ ಕಣ್ಣಿಗೆ ಅದು ನಮ್ಮ ಹೆಸರು ಹೇಳಿಕೊಂಡು ಬಂದ ಬೇರೆ ಯಾರೋ. ಅಪ್‌ಲೋಡ್ ಕೀ ನನ್ನದೇ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಇನ್ನೊಂದು ಸಹಿ ಸೇರಿಸಿ ಅಂತ ಕೇಳೋಕೆ ಖಾನೆಯೂ ಇಲ್ಲ.

ಒಂದು ಎಚ್ಚರಿಕೆ. ಆಪನ್ನು ಸ್ಟೋರ್‌ನ ಯಾವ ಟ್ರ್ಯಾಕಿನಲ್ಲೂ, ಅಂದರೆ ಬಿಡುಗಡೆಯ ಯಾವ ಹಂತದಲ್ಲೂ, ಇನ್ನೂ ಬಿಡುಗಡೆ ಮಾಡಿರದಿದ್ದರೂ ಇದೇ ವಾಕ್ಯ ಬರಬಹುದು. ಕೆಲವು ಸಲ ವಾಕ್ಯವೇ ಬರದೆ ಚಂದಾ ಪಟ್ಟಿ ಖಾಲಿ ಬರುತ್ತೆ. ಹಾಗಾಗಿ ಮೊದಲು ಬಿಡುಗಡೆ ಆಗಿದೆಯಾ ನೋಡಿ, ಆಮೇಲೆ ಸಹಿ ನೋಡಿ.

ಎರಡನೇ ಗಂಟು, ನನ್ನ ಫೋನಿನಲ್ಲಿ ಯಾಕೆ ಆಯಿತು? ಪ್ಲೇ ಕನ್ಸೋಲ್‌ನಲ್ಲಿ ಲೈಸೆನ್ಸ್ ಟೆಸ್ಟಿಂಗ್ ಅಂತ ಒಂದು ಪಟ್ಟಿ ಇದೆ. ಅದರಲ್ಲಿ ಇಮೇಲ್ ಇರುವವರಿಗೆ ವಿನಾಯಿತಿ. ಅವರು ಹೊರಗಿನಿಂದ ಹಾಕಿದ, ಡೀಬಗ್ ಸಹಿ ಇರುವ ಫೈಲಿನಲ್ಲೂ ಚಂದಾ ಪುಟ ತೆರೆಯಬಹುದು. ಪ್ಯಾಕೇಜ್ ಹೆಸರು ಸರಿಯಿದ್ದರೆ ಸಾಕು. ದುಡ್ಡೂ ಹೋಗಲ್ಲ, ಪರೀಕ್ಷೆಗೆ ಅಂತಲೇ ಇರುವ ಸುಳ್ಳು ಕಾರ್ಡ್ ತೋರಿಸುತ್ತೆ. ವರ್ಷದ ಚಂದಾ ಅರ್ಧ ಗಂಟೆಗೊಮ್ಮೆ ನವೀಕರಣ ಆಗುತ್ತೆ, ಬೇಗ ಪರೀಕ್ಷೆ ಮುಗಿಯಲಿ ಅಂತ. ಆಪ್ ಕಟ್ಟುವಾಗ ನನ್ನ ಇಮೇಲನ್ನು ಆ ಪಟ್ಟಿಗೆ ಹಾಕಿದ್ದೆ, ಮರೆತೇ ಹೋಗಿತ್ತು. “ನನ್ನ ಫೋನಿನಲ್ಲಿ ಆಗ್ತಿದೆಯಲ್ಲ” ಅನ್ನುವ ಮಾತು ಚಂದಾ ವಿಷಯದಲ್ಲಿ ಏನನ್ನೂ ಸಾಬೀತು ಮಾಡಲ್ಲ. ಆ ಪಟ್ಟಿಯಲ್ಲಿ ಇಲ್ಲದ ಒಬ್ಬರ ಅಕೌಂಟಿನಿಂದ ಒತ್ತಿ ನೋಡಬೇಕು. ನಾನು ಈಗ ನಮ್ಮಮ್ಮನ ಫೋನಿನಲ್ಲಿ ಒತ್ತುತ್ತೇನೆ. ದುಡ್ಡು ಕೇಳುವ ಪುಟದವರೆಗೆ ಬಂದರೆ ಸಾಕು, ಅಲ್ಲಿಂದ ಹಿಂದೆ ಬಂದುಬಿಡುತ್ತೇನೆ.

ಸಾಹುಕಾರ್ರ ಇಮೇಲನ್ನೂ ಆ ಪಟ್ಟಿಗೆ ಹಾಕಿಬಿಡಲಾ ಅಂತ ಒಂದು ಕ್ಷಣ ಯೋಚಿಸಿದೆ. ಪುಟ ತೆರೆಯುತ್ತಿತ್ತು. ಆದರೆ ಅದು ಸುಳ್ಳು ಚಂದಾ. ಅವರ 499 ನನಗೆ ಬರ್ತಿರಲಿಲ್ಲ!

ಉಳಿದದ್ದು ಒಂದೇ ದಾರಿ, ಅವರ ಫೋನಿಗೆ ಸ್ಟೋರ್‌ನ ಆಪ್ ಹಾಕುವುದು. ಮೇಲಿಂದ ಮೇಲೆ ಹಾಕೋಕೆ ಆಗಲ್ಲ. ಈಗಾಗಲೇ ಇರುವ ಆಪ್‌ನ ಸಹಿ, ಹೊಸದಾಗಿ ಬರುವುದರ ಸಹಿ ಹೊಂದದಿದ್ದರೆ ಆಂಡ್ರಾಯ್ಡ್ ಅಪ್‌ಡೇಟ್ ಮಾಡುವುದಿಲ್ಲ. ಫೈಲಿನಿಂದ ಹಾಕಲು ಹೋದರೆ `App not installed as package conflicts with an existing package` ಅನ್ನುತ್ತೆ. ಕೇಬಲ್‌ನಿಂದ ಹೋದರೆ `INSTALL_FAILED_UPDATE_INCOMPATIBLE`. ಇದು ಕಿರುಕುಳ ಅಲ್ಲ. ಹೊಂದದ ಸಹಿಗೂ ಬಾಗಿಲು ತೆರೆದರೆ, ನಾಳೆ ಯಾರೋ ನಿಮ್ಮ ಬ್ಯಾಂಕ್ ಆಪ್‌ನ ಹೆಸರಿಟ್ಟ ಫೈಲ್ ಕಳಿಸಿ, ಹಳೆಯದರ ಮೇಲೆ ಕೂತು, ಅದರೊಳಗಿನ ಮಾಹಿತಿಯನ್ನೆಲ್ಲ ಓದಬಹುದು.

ಹಾಗಾಗಿ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ತೆಗೆದರೆ ಫೋನಿನಲ್ಲಿರುವ ಲೆಕ್ಕ ಹೋಗುತ್ತೆ. ಇದಕ್ಕೆ ನಾನೇ ತಿಪಟೂರಿಗೆ ಹೋದೆ. ಫೋನಿನಲ್ಲಿ ಹೇಳಿ ಮಾಡಿಸುವ ಕೆಲಸ ಅಲ್ಲ ಅನಿಸಿತು. ಹರಾಜು ಇಲ್ಲದ ದಿನ ನೋಡಿಕೊಂಡು ಮಂಡಿಯಲ್ಲಿ ಕೂತೆ. ಅವರ ಫೋನಿನಲ್ಲಿ 186 ರಸೀದಿ ಇತ್ತು. ನನ್ನ ಸರ್ವರ್‌ನಲ್ಲಿ 171. ಹದಿನೈದು ಕಡಿಮೆ. ಮಂಡಿಯ ಒಳಗಡೆ ನೆಟ್‌ವರ್ಕ್ ಸರಿಯಾಗಿ ಸಿಗ್ತಿರಲಿಲ್ಲ, ಆ ಹದಿನೈದು ಇನ್ನೂ ಮೇಲೆ ಹೋಗಿರಲಿಲ್ಲ. ಫೋನ್ ಹಿಡಿದು ರಸ್ತೆಗೆ ಬಂದು ನಿಂತೆವು. 186 ಆಯಿತು. ಆಮೇಲೆಯೇ ಆಪ್ ತೆಗೆದದ್ದು. ಸ್ಟೋರ್‌ನಿಂದ ಹಾಕಿ, ಸೈನ್ ಇನ್ ಆಗಿ, ಲೆಕ್ಕ ಇಳಿದ ಮೇಲೆ ಚಂದಾ ಕಟ್ಟಿದರು. ಅವರಿಂದ ಫೈಲ್ ಪಡೆದ ಆಚೀಚೆ ಅಂಗಡಿಯವರ ಫೋನುಗಳನ್ನೂ ಅವತ್ತೇ ಮುಗಿಸಿದೆ. ಸಂಜೆ ಆಯಿತು.

ಅವತ್ತಿನಿಂದ ಯಾರಿಗೂ ಫೈಲ್ ಕಳಿಸುವುದಿಲ್ಲ. ಅವಸರ ಇದ್ದರೆ ಸ್ಟೋರ್‌ನ ಇಂಟರ್ನಲ್ ಟೆಸ್ಟಿಂಗ್ ಟ್ರ್ಯಾಕಿಗೆ ಹಾಕಿ ಲಿಂಕ್ ಕಳಿಸುತ್ತೇನೆ. 100 ಜನರವರೆಗೆ ಸೇರಿಸಬಹುದು. ಅಲ್ಲಿಂದ ಇಳಿಸಿದರೆ ಶುರುವಿನಿಂದಲೇ ಸ್ಟೋರ್‌ನ ಸಹಿ. ಮುಂದೆ ಎಲ್ಲರಿಗೂ ಬಿಡುಗಡೆ ಆದಾಗ ಅದರ ಮೇಲೇ ಅಪ್‌ಡೇಟ್ ಆಗುತ್ತೆ. ಅಲ್ಲಿ ಚಂದಾ ಕಟ್ಟಿದರೆ ನಿಜವಾದ ದುಡ್ಡೇ ಹೋಗುತ್ತೆ, ಲೈಸೆನ್ಸ್ ಪಟ್ಟಿಯಲ್ಲಿ ಇದ್ದವರನ್ನು ಬಿಟ್ಟು. ಇದನ್ನು ಮೊದಲೇ ಹೇಳಿಬಿಡಿ.

ಮೊಬೈಲ್ ಅಂಗಡಿಯವರು ಒಂದು ಪ್ರಶ್ನೆ ಕೇಳಿದರು. ಇದು ನಿಮಗೂ ಬಂದಿರುತ್ತೆ. “ಸಾರ್, ಗಿರಾಕಿಗಳು ಮಾಡ್ ಎಪಿಕೆ ತಂದು ಹಾಕಿಕೊಡಿ ಅಂತಾರೆ. ಹಾಕಿದರೆ ಗೂಗಲ್ ಲಾಗಿನ್ ಆಗಲ್ಲ. ಅದೇ ಒಂದು ಫೋನಿನಿಂದ ಇನ್ನೊಂದಕ್ಕೆ ಶೇರ್ ಮಾಡಿದ ಆಪ್‌ನಲ್ಲಿ ಆಗುತ್ತೆ. ಎರಡೂ ಹೊರಗಿನಿಂದಲೇ ಬಂದದ್ದಲ್ವಾ?”

ಬಹಳ ಒಳ್ಳೆಯ ಪ್ರಶ್ನೆ. ಶೇರ್ ಮಾಡಿದ್ದು ಬರೀ ನಕಲು. ಸಹಿ ಫೈಲಿನ ಒಳಗೇ ಇರುತ್ತೆ, ಫೈಲ್ ಜೊತೆ ಅದೂ ಬರುತ್ತೆ. ಒಳಗೆ ಏನನ್ನೂ ಮುಟ್ಟಿಲ್ಲ, ಹಾಗಾಗಿ ಸಹಿ ಅದೇ, ಲಾಗಿನ್ ಆಗುತ್ತೆ. ಮಾಡ್ ಮಾಡುವವನು ಫೈಲ್ ಬಿಚ್ಚಿ ಒಳಗೆ ತಿದ್ದುತ್ತಾನೆ. ಒಂದು ಬೈಟ್ ತಿದ್ದಿದರೂ ಹಳೆಯ ಸಹಿ ಮುರಿಯುತ್ತೆ. ಸಹಿ ಇಲ್ಲದೆ ಫೋನ್ ಹಾಕಿಕೊಳ್ಳಲ್ಲ. ಮೂಲ ಕೀ ಅವನ ಹತ್ತಿರ ಇಲ್ಲ. ಹಾಗಾಗಿ ತನ್ನದೇ ಕೀಯಿಂದ ಹೊಸ ಸಹಿ ಒತ್ತಲೇಬೇಕು. ಅಲ್ಲಿಗೆ ಫಿಂಗರ್‌ಪ್ರಿಂಟ್ ಬದಲಾಯಿತು. ಆಪ್ ಒಳಗೇ ಬರೆದ ಸಹಿ ತಪಾಸಣೆ ಇದ್ದರೆ ಅದನ್ನೂ ಅವನು ಕತ್ತರಿಸಿ ಬಿಸಾಕಬಹುದು. ಫೈಲ್ ಅವನ ಕೈಯಲ್ಲೇ ಇದೆಯಲ್ಲ. ಆದರೆ ಲಾಗಿನ್ ಸಮಯದ ತಪಾಸಣೆ ಆ ಫೈಲಿನಲ್ಲಿ ಇಲ್ಲ, ಗೂಗಲ್ ಕಡೆ ಇದೆ. ಅಲ್ಲಿಗೆ ಅವನ ಕತ್ತರಿ ತಲುಪಲ್ಲ. ಫೋನಿನ ಆಂಡ್ರಾಯ್ಡನ್ನೇ ಬದಲಾಯಿಸಿ ಸುಳ್ಳು ಫಿಂಗರ್‌ಪ್ರಿಂಟ್ ಹೇಳಿಸುವವರೂ ಇದ್ದಾರೆ. ಅದು ರೂಟ್ ಮಾಡಿದ ಫೋನಿನವರ ಆಟ, ಅಂಗಡಿಯಲ್ಲಿ ಗಿರಾಕಿಗೆ ಮಾಡಿಕೊಡುವ ಕೆಲಸ ಅಲ್ಲ.

ಇನ್ನೊಂದು ಮಾತು. ಶೇರ್ ಮಾಡಿದ ನಕಲೂ ಎಲ್ಲ ಆಪ್‌ಗಳಲ್ಲಿ ನಡೆಯಲ್ಲ. ಬಂಡಲ್‌ನಿಂದ ಹುಟ್ಟಿದ ಆಪ್ ಈಗ ಒಂದೇ ಫೈಲ್ ಆಗಿರುವುದಿಲ್ಲ, ತುಂಡು ತುಂಡಾಗಿರುತ್ತೆ. ಮುಖ್ಯ ತುಂಡು ಮಾತ್ರ ಕಾಪಿ ಆದರೆ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತೆ. ಇದನ್ನು ಸಹಿಯ ತಲೆಗೆ ಕಟ್ಟಬೇಡಿ. ಮತ್ತೆ ಕೆಲವು ಆಪ್‌ನವರು ಪ್ಲೇ ಇಂಟೆಗ್ರಿಟಿ ಅನ್ನುವ ಸೇವೆ ಬಳಸುತ್ತಾರೆ. ಆಗ ಅವರ ಸರ್ವರ್‌ಗೆ ಈ ರೀತಿಯ ಉತ್ತರ ಬರುತ್ತೆ:

```
"appIntegrity": {
  "appRecognitionVerdict": "PLAY_RECOGNIZED"
},
"accountDetails": {
  "appLicensingVerdict": "UNLICENSED"
}
```

ಇದು ಶೇರ್ ಮಾಡಿದ ನಕಲಿನ ಚಿತ್ರ. ಮೊದಲನೆಯದು, ಈ ಫೈಲ್ ನಮ್ಮದೇ ಅನ್ನುತ್ತೆ. ಎರಡನೆಯದು, ಈ ಅಕೌಂಟಿನವರು ಇದನ್ನು ಸ್ಟೋರ್‌ನಿಂದ ಪಡೆದಿಲ್ಲ ಅನ್ನುತ್ತೆ. ಸಹಿ ಸರಿ ಇದ್ದೂ ಬಾಗಿಲು ಮುಚ್ಚುವುದು ಈ ಎರಡನೇ ಸಾಲಿನಿಂದ. ಮಾಡ್ ಆದರೆ ಮೊದಲ ಜಾಗದಲ್ಲೇ `UNRECOGNIZED_VERSION` ಬರುತ್ತೆ. ಉತ್ತರ ನೋಡಿ ಏನು ಮಾಡಬೇಕು ಅನ್ನುವುದು ಆ ಆಪ್‌ನವರಿಗೆ ಬಿಟ್ಟಿದ್ದು. ನನ್ನ ಲೆಕ್ಕದ ಆಪ್‌ಗೆ ಇದನ್ನು ಹಾಕಿಲ್ಲ. ಕೊಬ್ಬರಿ ಲೆಕ್ಕವನ್ನು ಕದ್ದು ಬಳಸುವವರು ಇದ್ದರೆ ಬಳಸಲಿ ಬಿಡಿ.

ಕಾಲೇಜಿನ ಹುಡುಗನೊಬ್ಬ ಕೀ ಕಳೆದರೆ ಏನು ಅಂತ ಕೇಳಿದ. ಅಪ್‌ಲೋಡ್ ಕೀ ಕಳೆದರೆ ಪ್ಲೇ ಕನ್ಸೋಲ್‌ನಲ್ಲಿ ಕೇಳಿ ಬದಲಾಯಿಸಿಕೊಳ್ಳಬಹುದು, ಬಳಸುವವರಿಗೆ ಗೊತ್ತೂ ಆಗಲ್ಲ. ಹಿಂದೆ ಕೀ ನಮ್ಮ ಹತ್ತಿರವೇ ಇದ್ದ ಕಾಲದಲ್ಲಿ ಕಳೆದರೆ ಆ ಆಪ್‌ಗೆ ಮತ್ತೆ ಅಪ್‌ಡೇಟ್ ಕೊಡೋಕೇ ಆಗ್ತಿರಲಿಲ್ಲ. ಹೊಸ ಹೆಸರಿನಲ್ಲಿ ಮೊದಲಿನಿಂದ ಶುರು ಮಾಡಬೇಕಿತ್ತು.

ಮಾತು ಮುಗಿದು ಕಾಫಿ ಕುಡಿಯುವಾಗ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಕೊನೆಯ ವರ್ಷದ ಪ್ರಾಜೆಕ್ಟ್. “ಸಾರ್, ನೀವು ಹೇಳಿದ ಮೂರೂ ಸೇರಿಸಿದ್ದೀನಿ. ಆದರೂ ಗೈಡ್ ಫೋನಿನಲ್ಲಿ ಹತ್ತೇ ಬರ್ತಿದೆ.” ಗೈಡ್‌ಗೆ ಹೇಗೆ ಕಳಿಸಿದ್ದಮ್ಮಾ ಅಂದೆ. ಇಂಟರ್ನಲ್ ಆಪ್ ಶೇರಿಂಗ್ ಲಿಂಕ್‌ನಿಂದ ಅಂದಳು. ಇದು ಇಂಟರ್ನಲ್ ಟೆಸ್ಟಿಂಗ್ ಅಲ್ಲ, ಹೆಸರು ಮಾತ್ರ ಹತ್ತಿರ ಹತ್ತಿರ. ಈ ಲಿಂಕ್‌ನಿಂದ ಇಳಿಯುವ ಆಪ್‌ಗೆ ಗೂಗಲ್ ಇನ್ನೊಂದು ಬೇರೆಯೇ ಕೀಯಿಂದ ಸಹಿ ಒತ್ತುತ್ತೆ. ನಾಲ್ಕನೇ ಸಹಿ!

ಅದರ ಫಿಂಗರ್‌ಪ್ರಿಂಟ್ ಕನ್ಸೋಲ್‌ನಲ್ಲಿ ಎಲ್ಲಿದೆ ಅಂತ ಹುಡುಕುತ್ತಾ ಕೂರಲಿಲ್ಲ. ಅದೇ ಲಿಂಕನ್ನು ಅವಳ ಫೋನಿನಲ್ಲಿ ತೆರೆದು ಆಪ್ ಹಾಕಿ, ಕೇಬಲ್ ಚುಚ್ಚಿ, ಫೋನಿನಿಂದಲೇ ಫೈಲ್ ಎಳೆದೆವು. ಪ್ಯಾಕೇಜ್ ಹೆಸರನ್ನು ಇಲ್ಲಿ ಬದಲಾಯಿಸಿದ್ದೇನೆ.

```
adb shell pm path org.kobbari.lekka
adb pull <ಮೇಲೆ ಬಂದ base.apk ದಾರಿ>
apksigner verify --print-certs base.apk
```

ಕೊನೆಯ ನಾಲ್ಕು ಅಕ್ಷರ ಅವಳ ಪಟ್ಟಿಯಲ್ಲಿದ್ದ ಮೂರಕ್ಕೂ ಹೊಂದಲಿಲ್ಲ. ಎಸ್‌ಎಚ್‌ಎ-1 ಕಾಪಿ ಮಾಡಿ ಫೈರ್‌ಬೇಸ್‌ನಲ್ಲಿ ಸೇರಿಸಿದಳು. ಕಾಫಿ ಮುಗಿಯುವವರೆಗೆ ಕಾದೆವು. ಅಕೌಂಟ್ ಪಟ್ಟಿ ಬಂತು, ಆರಿಸಿದಳು, ಚಕ್ರ ಸುತ್ತಿತು, ಒಳಗೆ ಹೋಯಿತು. “ಗೈಡ್‌ಗೆ ಮತ್ತೆ ಲಿಂಕ್ ಕಳಿಸಬೇಕಾ ಸಾರ್?” ಅಂದಳು. ಬೇಡ, ಇರುವುದನ್ನೇ ಇನ್ನೊಂದು ಸಲ ಒತ್ತಿ ನೋಡೋಕೆ ಹೇಳಮ್ಮ ಅಂದೆ.